ಓರೆಯ ಅಕ್ಷರ, ಒತ್ತಿನ ಮಾತು

ಇಟಾಲಿಕ್ ಎಂದರೆ ಬರಿಯ ಓರೆ ಅಕ್ಷರವಲ್ಲ. ವೆನಿಸ್ ನಗರದ ಆಲ್ಡಸ್ ಮನೂಟಿಯಸ್ 1501ರಲ್ಲಿ ವರ್ಜಿಲನ ಕಾವ್ಯವನ್ನು ಅಚ್ಚುಮಾಡಿದಾಗ, ಫ್ರಾಂಚೆಸ್ಕೊ ಗ್ರಿಫೊ ಕೊರೆದುಕೊಟ್ಟ ಮೊಳೆಗಳು ಅಂದಿನ ವಿದ್ವಾಂಸರ ಕೈಬರಹವನ್ನು ಅನುಸರಿಸಿದ್ದವು. ಅವುಗಳ ಆಕಾರವೇ ಬೇರೆ. ನೆಟ್ಟಗಿನ ಅಕ್ಷರವನ್ನೇ ವಾಲಿಸಿದರೆ ಅದು ಆಬ್ಲಿಕ್. ಕನ್ನಡ ಪುಟಗಳಲ್ಲಿ ಇಟಾಲಿಕ್ ಎಂದು ಕಾಣುವುದು ಬಹುಮಟ್ಟಿಗೆ ಗಣಕಯಂತ್ರ ಹೀಗೆ ವಾಲಿಸಿದ್ದು. 'ಸೂಕ್ಷ್ಮ' ಎಂಬ ಪದವನ್ನು ವಾಲಿಸಿ ನೋಡಿ: ಮೇಲಿನ ಭಾಗ ಬಲಕ್ಕೆ ಸರಿಯುತ್ತದೆ, ಸಾಲಿನ ಕೆಳಗಿನ ಒತ್ತಕ್ಷರಗಳು ಎಡಕ್ಕೆ. ನಮ್ಮ ಲಿಪಿ ದುಂಡಗಿನದು, ನೆಟ್ಟನೆಯ ಗೆರೆಗಳು ವಿರಳ. ಆದ್ದರಿಂದ ವಾಲಿದ್ದೂ ಥಟ್ಟನೆ ಕಣ್ಣಿಗೆ ಬೀಳದು.

ಒತ್ತನ್ನು ತೋರಲು ನಮ್ಮಲ್ಲಿ ಅವಧಾರಣೆಯ ಏಕಾರವಿದೆಯಲ್ಲ! 'ನಿನ್ನೆ ಸೀತೆ ಪತ್ರ ಬರೆದಳು' ಎಂಬ ವಾಕ್ಯದಲ್ಲಿ ಇಂಗ್ಲಿಷಿನವರಾದರೆ ಬೇಕಾದ ಪದವನ್ನು ಇಟಾಲಿಕ್ಕಿಗೆ ಬದಲಿಸುತ್ತಾರೆ. ನಾವು 'ನಿನ್ನೆಯೇ', 'ಸೀತೆಯೇ', 'ಪತ್ರವನ್ನೇ' ಎನ್ನುತ್ತೇವೆ. ಬಾನುಲಿಯಲ್ಲಿಯೂ ಅದು ಕೇಳಿಸುತ್ತದೆ. ವಾಲಿದ ಅಕ್ಷರ ಕೇಳಿಸದು.

ಆದರೆ ಪರರ ಮಾತನ್ನು ಉದ್ಧರಿಸುವಾಗ ಅದರೊಳಗೆ ಏಕಾರ ಸೇರಿಸುವ ಅಧಿಕಾರ ನಮಗಿಲ್ಲ. ಅಲ್ಲಿ ದಪ್ಪಕ್ಷರವನ್ನು ಬಳಸಿ, 'ಒತ್ತು ನನ್ನದು' ಎಂದು ಕಂಸದಲ್ಲಿ ತಿಳಿಸುವುದು ನ್ಯಾಯ. ಚಿಕ್ಕ ಅಳತೆಯ ದಪ್ಪಕ್ಷರದಲ್ಲಿ 'ಧ'ದ ಸೀಳು ಮಸಿಯಿಂದ ಮುಚ್ಚಿ 'ದ'ದಂತೆ ಕಂಡೀತು. ಕರಡು ತಿದ್ದುವಾಗ ನಾನು ಮೊದಲು ಹುಡುಕುವುದು ಅದನ್ನೇ.