ಸೆಲ್ಲಿಗೆ ಸಲ್ಲದ ಕೀರ್ತಿ

ಮುಂದಿನ ಸಾಲಿನಲ್ಲಿ ಕೂತು ಆಗಲೇ ನಗುತ್ತಿರುವ ನನ್ನ ಹಳೆಯ ಸಹೋದ್ಯೋಗಿಗಳೇ,

ನೀವು ನಗುವುದೇಕೆಂದು ನನಗೆ ಗೊತ್ತು. ಇವರು ಮತ್ತೆ ಅದೇ ರಾಗ ಎಳೆಯುತ್ತಾರೆ ಅಂತ. ಹೌದು, ಎಳೆಯುತ್ತೇನೆ. ಸೆಲ್ಲಿನ ಸಾಮರ್ಥ್ಯವನ್ನೇ ಅದರ ಆಯುಷ್ಯ ಎಂದು ಓದಿದ್ದು ನಮ್ಮ ಶಾಸ್ತ್ರ ದಾರಿ ತಪ್ಪಿದ ಜಾಗ.

ಕೈಗಡಿಯಾರದ 377 ನಂಬರಿನ ಬೆಳ್ಳಿ ಆಕ್ಸೈಡ್ ಸೆಲ್ಲನ್ನೇ ನೋಡಿ. ಅದರಲ್ಲಿರುವುದು ಸುಮಾರು 27 ಮಿಲಿಆಂಪ್-ಅವರ್. ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು ಚಿಪ್ ಹದಿನೈದು ಸಲ ಅರ್ಧ ಮಾಡಿ ಒಂದಕ್ಕೆ ಇಳಿಸುತ್ತದೆ. ಮೋಟಾರಿಗೆ ಸೆಕೆಂಡಿಗೊಮ್ಮೆ, ಅದೂ ಕೆಲವೇ ಮಿಲಿಸೆಕೆಂಡು ಮಾತ್ರ, ವಿದ್ಯುತ್ತು ಸಿಗುತ್ತದೆ. ಮಿಕ್ಕ ಹೊತ್ತೆಲ್ಲ ಅದು ಸುಮ್ಮನೆ ನಿಂತಿರುತ್ತದೆ. ಒಟ್ಟು ಖರ್ಚು ಸರಾಸರಿ ಒಂದು ಮೈಕ್ರೋಆಂಪ್ ಆಸುಪಾಸು. ಭಾಗಿಸಿದರೆ 27,000 ಗಂಟೆ, ಅಂದರೆ ಮೂರು ವರ್ಷ. ಕೀರ್ತಿ ಸಲ್ಲಬೇಕಾದ್ದು ಸರ್ಕ್ಯೂಟಿನವರಿಗೆ. ಅವರೂ ಇಲ್ಲೇ ಇದ್ದಾರೆ, ಪಾಪ, ಹಿಂದಿನ ಸಾಲಿನಲ್ಲಿ.

ಇನ್ನು ಕಿವಿ ಮಿಷನ್ನಿನ 312 ನಂಬರಿನ ಸತು-ಗಾಳಿ ಸೆಲ್ಲು. ಆಮ್ಲಜನಕವನ್ನು ಹೊರಗಿನಿಂದಲೇ ಎಳೆದುಕೊಳ್ಳುವುದರಿಂದ ಡಬ್ಬಿಯ ತುಂಬ ಸತುವನ್ನೇ ತುಂಬಬಹುದು. ಹಾಗಾಗಿ ಸುಮಾರು 170 ಮಿಲಿಆಂಪ್-ಅವರ್, ವಾಚಿನದರ ಆರು ಪಟ್ಟು. ಆದರೆ ಮಿಷನ್ ಎಳೆಯುವುದು ಒಂದೂವರೆ ಮಿಲಿಆಂಪ್. ದಿನಕ್ಕೆ ಹನ್ನೆರಡು ಗಂಟೆ ಹಾಕಿಕೊಂಡರೆ ಒಂಬತ್ತು-ಹತ್ತು ದಿನಕ್ಕೆ ಖಾಲಿ. ಇದೇ ಸೆಲ್ಲು ವಾಚಿಗೆ ಹೊಂದುವಂತಿದ್ದರೆ ಲೆಕ್ಕ ಹತ್ತೊಂಬತ್ತು ವರ್ಷ ಅನ್ನುತ್ತದೆ. ನಿಜದಲ್ಲಿ ಸ್ಟಿಕ್ಕರ್ ಕಿತ್ತ ಕೆಲವೇ ವಾರಗಳಲ್ಲಿ ಅದು ಸೊರಗಲು ಶುರು. ಗಾಳಿ ನುಗ್ಗುವ ತೂತಿನಲ್ಲೇ ಒಳಗಿನ ನೀರೂ ಹೋಗುತ್ತದೆ; ಮಳೆಗಾಲವಾದರೆ ತೇವ ಒಳಗೆ ಬರುತ್ತದೆ. ನಮ್ಮ ಚಿಕ್ಕಪ್ಪ ರಾತ್ರಿ ಮಲಗುವಾಗ ಅದೇ ಸ್ಟಿಕ್ಕರನ್ನು ಮತ್ತೆ ಅಂಟಿಸುತ್ತಿದ್ದರು. ಅದರಿಂದ ಉಳಿತಾಯ ಅಷ್ಟಕ್ಕಷ್ಟೇ, ಆದರೆ ಅವರಿಗೆ ಹೇಳುವವರು ಯಾರು? ಮಿಷನ್ ತೆಗೆದಿಟ್ಟಿರುತ್ತಿದ್ದರಲ್ಲ!

ಸೀಲ್, ಎಲೆಕ್ಟ್ರೋಲೈಟ್ ಕುರಿತು ಇಲ್ಲಿರುವ ಮಿತ್ರರು ಬರೆದದ್ದನ್ನು ನೀವೆಲ್ಲ ಓದಿದ್ದೀರಿ. ನಾನು ಮತ್ತೆ ಒಪ್ಪಿಸುವುದಿಲ್ಲ. ನನ್ನ ಪ್ರಶ್ನೆ ಬೇರೆ. ವರ್ಷಗಟ್ಟಲೆ ಓಡಿದ ವಾಚಿನ ಸೆಲ್ಲಿನಲ್ಲಿ ವಾಚು ತಿಂದದ್ದೆಷ್ಟು, ಸೆಲ್ಲು ತನ್ನನ್ನು ತಾನೇ ತಿಂದದ್ದೆಷ್ಟು? ವೋಲ್ಟ್‌ಮೀಟರ್ ಬಾಯಿ ಬಿಡುವುದಿಲ್ಲ. 1.55 ವೋಲ್ಟ್ ಕೊನೆಯವರೆಗೂ ಹೆಚ್ಚುಕಡಿಮೆ ಹಾಗೇ ನಿಂತಿದ್ದು, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಕೆಲವು ವಾಚುಗಳಲ್ಲಿ ಸೆಕೆಂಡಿನ ಮುಳ್ಳು ಎರಡೆರಡು ಸೆಕೆಂಡು ಹಾರತೊಡಗಿದಾಗಲೇ ನಮಗೆ ಸುದ್ದಿ. ನಾವು ಮಾಡುವುದೇನು? ಸೆಲ್ಲನ್ನು 60 ಡಿಗ್ರಿಯಲ್ಲಿ ಕೆಲವು ವಾರ ಬೇಯಿಸಿ, ಇದು ಇಷ್ಟು ವರ್ಷಕ್ಕೆ ಸಮ ಎನ್ನುತ್ತೇವೆ. 60 ಡಿಗ್ರಿಯಲ್ಲಿ ಮುಂದಾಗುವ ಕ್ರಿಯೆಯೇ ಮಣಿಕಟ್ಟಿನ ಮೇಲೂ ಮುಂದಾಗುತ್ತದೆಂದು ಯಾರು ಹೇಳಿದರು? ಮೈಕ್ರೋಕ್ಯಾಲೊರಿಮೀಟರ್ ಸುಮ್ಮನೆ ಕೂತ ಸೆಲ್ಲಿನ ಶಾಖವನ್ನು ತೋರಿಸುತ್ತದೆ, ಸರಿ. ಆದರೆ ಅದು ಸತು ಸವೆದ ಶಾಖವೋ, ಕರಗಿದ ಬೆಳ್ಳಿ ಸೋಸುಪೊರೆ ದಾಟಿ ಹೋದದ್ದರದೋ?

ಮಧ್ಯಾಹ್ನದ ಗೋಷ್ಠಿಯಲ್ಲಿ ಆ ಉಪಕರಣದ ಬಗ್ಗೆಯೇ ಒಂದು ಪ್ರಬಂಧವಿದೆ. ಅದನ್ನು ಮಂಡಿಸುವವರು ಈ ಎರಡು ಶಾಖಗಳನ್ನು ಹೇಗೆ ಬೇರ್ಪಡಿಸುತ್ತಾರೆಂದು ಮೊದಲು ಕೇಳುವವನು ನಾನೇ. ಊಟದ ನಂತರ ಎಂದು ತಪ್ಪಿಸಿಕೊಳ್ಳಬೇಡಿ.