ಪಾಸ್‌ವರ್ಡ್‌ಗೆ ಸಾಲ್ಟ್ ಹಾಕಿದ್ರೆ ಸಾಕಾ?

2012ರ ಜೂನ್‌ನಲ್ಲಿ ಲಿಂಕ್ಡ್‌ಇನ್‌ನ ಸುಮಾರು 65 ಲಕ್ಷ ಪಾಸ್‌ವರ್ಡ್ ಹ್ಯಾಶ್‌ಗಳು ಹೊರಬಿದ್ದವು. ಎಲ್ಲವೂ ಎಸ್‌ಎಚ್‌ಎ-1, ಸಾಲ್ಟ್ ಇಲ್ಲ. ಅಂದ್ರೆ ಯಾರೇ 123456 ಅಂತ ಇಟ್ಟಿರಲಿ, ಟೇಬಲ್‌ನಲ್ಲಿ ಕಾಣೋದು ಇದೊಂದೇ:

```
7c4a8d09ca3762af61e59520943dc26494f8941b
```

ಹ್ಯಾಶ್‌ನಿಂದ ಪಾಸ್‌ವರ್ಡ್‌ಗೆ ವಾಪಸ್ ಹೋಗೋಕೆ ಆಗಲ್ಲ, ನಿಜ. ಆದ್ರೆ ಮೊದಲೇ ಲೆಕ್ಕ ಮಾಡಿಟ್ಟುಕೊಳ್ಳಬಹುದಲ್ವಾ? ಎಲ್ಲ ಹ್ಯಾಶ್‌ಗಳನ್ನೂ ಇಟ್ಟುಕೊಳ್ಳೋಕೆ ಡಿಸ್ಕ್ ಸಾಲದು. ಅದಕ್ಕೇ ರೇನ್‌ಬೋ ಟೇಬಲ್. ಒಂದು ಪಾಸ್‌ವರ್ಡ್‌ನ ಹ್ಯಾಶ್ ತೆಗೆದು, ಆ ಹ್ಯಾಶ್‌ನಿಂದ ಇನ್ನೊಂದು ಪಾಸ್‌ವರ್ಡ್ ಹುಟ್ಟಿಸಿ, ಮತ್ತೆ ಹ್ಯಾಶ್ ಮಾಡಿ, ಹೀಗೆ ಉದ್ದ ಸರಪಳಿ ಕಟ್ಟುತ್ತಾರೆ. ಉಳಿಸೋದು ಮೊದಲನೆಯದು, ಕೊನೆಯದು ಮಾತ್ರ. ಕದ್ದ ಹ್ಯಾಶ್ ಯಾವ ಸರಪಳಿಯ ತುದಿಗೆ ಬಂದು ಸೇರುತ್ತೋ ನೋಡಿ, ಆ ಸರಪಳಿಯನ್ನ ಮೊದಲಿಂದ ಮತ್ತೆ ಓಡಿಸಿದ್ರೆ ಪಾಸ್‌ವರ್ಡ್ ಸಿಗುತ್ತೆ. ಒಮ್ಮೆ ಕಟ್ಟಿದ ಟೇಬಲ್ ಎಲ್ಲ ಬಳಕೆದಾರರ ಮೇಲೂ ನಡೆಯುತ್ತೆ.

ಸಾಲ್ಟ್ ಮುರಿಯೋದು ಇದನ್ನೇ. ಪ್ರತಿಯೊಬ್ಬರಿಗೂ 16 ಬೈಟ್‌ನ ಬೇರೆ ಬೇರೆ ರ‍್ಯಾಂಡಮ್ ಸಾಲ್ಟ್ ಸೇರಿಸಿ ಹ್ಯಾಶ್ ಮಾಡ್ತೀವಿ. ಈಗ ಇಬ್ಬರ 123456 ಎರಡು ಬೇರೆ ಹ್ಯಾಶ್. ಸಾಲ್ಟ್ ಗುಟ್ಟಲ್ಲ, ಹ್ಯಾಶ್ ಪಕ್ಕದಲ್ಲೇ ಇರುತ್ತೆ. ಆದ್ರೂ ಒಬ್ಬೊಬ್ಬರಿಗೂ ಹೊಸ ಟೇಬಲ್ ಕಟ್ಟಬೇಕಾಗೋದ್ರಿಂದ ಮೊದಲೇ ಕಟ್ಟಿಟ್ಟಿದ್ದು ದಂಡ. ನಿಮ್ಮ ಸಿಸ್ಟಮ್‌ನಲ್ಲಿ ಪರೀಕ್ಷಿಸಬೇಕಾ?

```
SELECT password_hash, COUNT(*) FROM users
GROUP BY password_hash HAVING COUNT(*) > 1;
```

ಇದಕ್ಕೆ ಸಾಲುಗಳು ಬಂದ್ರೆ, ಒಂದೋ ಸಾಲ್ಟ್ ಇಲ್ಲ, ಇಲ್ಲಾ ಎಲ್ಲರಿಗೂ ಒಂದೇ ಸಾಲ್ಟ್.

ಇಷ್ಟಕ್ಕೇ ನಿಲ್ಲಿಸಿದ್ರೆ ಅರ್ಧ ಕೆಲಸ. ಕದ್ದವನು ಒಬ್ಬನ ಸಾಲ್ಟ್ ಹಿಡಿದು, 10 ಲಕ್ಷ ಸಾಮಾನ್ಯ ಪಾಸ್‌ವರ್ಡ್‌ಗಳನ್ನ ಒಂದೊಂದಾಗಿ ಪ್ರಯತ್ನಿಸಬಹುದು. ಜಿಪಿಯು ಎಸ್‌ಎಚ್‌ಎ-1 ಅನ್ನ ಸೆಕೆಂಡಿಗೆ ನೂರಾರು ಕೋಟಿ ಸಲ ಮಾಡುತ್ತೆ. ಆ ಪಟ್ಟಿ ಕಣ್ಣು ಮಿಟುಕಿಸೋದ್ರೊಳಗೆ ಮುಗೀತು. ಎಸ್‌ಎಚ್‌ಎ-1 ವೇಗಕ್ಕೆಂದೇ ಮಾಡಿದ್ದು, ಇಲ್ಲಿ ಆ ವೇಗವೇ ತೊಂದರೆ.

ಅದಕ್ಕೇ 1999ರಲ್ಲಿ ಪ್ರೊವೋಸ್ ಮತ್ತು ಮಾಜಿಯೆರ್ ಬಿಕ್ರಿಪ್ಟ್ ತಂದರು. ಅದು ಉಳಿಸೋ ಸಾಲು `$2b$12$` ಅಂತ ಶುರುವಾಗುತ್ತೆ. ಆ 12 ಅನ್ನೋದು ಕಾಸ್ಟ್, ಅಂದ್ರೆ 2ರ ಘಾತ 12, ಒಟ್ಟು 4096 ಸುತ್ತು. ಒಂದು ಹೆಚ್ಚಿಸಿದ್ರೆ ಕೆಲಸ ಎರಡು ಪಟ್ಟು. ನಿಮ್ಮ ಸರ್ವರ್‌ನಲ್ಲಿ ಒಂದು ಹ್ಯಾಶ್‌ಗೆ ಕಾಲು ಸೆಕೆಂಡ್ ಅಂತಿಟ್ಕೊಳ್ಳಿ. ಲಾಗಿನ್ ಮಾಡೋರಿಗೆ ಅದು ಗೊತ್ತೇ ಆಗಲ್ಲ. ಅದೇ 10 ಲಕ್ಷದ ಪಟ್ಟಿಗೆ ಒಂದು ಕೋರ್‌ನಲ್ಲಿ ಎರಡೂವರೆ ಲಕ್ಷ ಸೆಕೆಂಡ್, ಸುಮಾರು ಮೂರು ದಿನ, ಅದೂ ಒಬ್ಬನಿಗೆ! ಸಾಲ್ಟ್ ಇರೋದ್ರಿಂದ ಮುಂದಿನವನಿಗೆ ಮತ್ತೆ ಮೊದಲಿಂದ.

ಆದ್ರೆ 123456 ಇಟ್ಟವರನ್ನ ಇದೂ ಉಳಿಸಲ್ಲ, ಪಟ್ಟಿಯ ಮೊದಲ ಪ್ರಯತ್ನದಲ್ಲೇ ಸಿಕ್ಕಿಬೀಳ್ತಾರೆ. ಕಾಸ್ಟ್ ತುಂಬಾ ಏರಿಸಿದ್ರೆ ಸುಳ್ಳು ಲಾಗಿನ್‌ಗಳನ್ನ ಸುರಿದೇ ನಿಮ್ಮ ಸಿಪಿಯು ಕೂರಿಸಬಹುದು. ಹಾಗಾಗಿ ನಿಮ್ಮದೇ ಸರ್ವರ್‌ನಲ್ಲಿ ಅಳೆದು ಕಾಸ್ಟ್ ಇಡಿ. ಮೆಷಿನ್ ಬದಲಾದಾಗ ಏರಿಸಿ. ಹಳೆಯ ಹ್ಯಾಶ್‌ಗಳನ್ನ ಬಳಕೆದಾರರು ಮುಂದಿನ ಸಲ ಲಾಗಿನ್ ಆದಾಗ ಹೊಸ ಕಾಸ್ಟ್‌ನಲ್ಲಿ ಬರೆದುಬಿಡಿ, ಪಾಸ್‌ವರ್ಡ್ ನಿಮ್ಮ ಕೈಗೆ ಸಿಗೋದು ಆಗ ಮಾತ್ರ. ಪ್ರಶ್ನೆ ಇದ್ರೆ ಕೇಳಿ.