ಹೆಸರಿನೊಳಗೆ ಉಳಿದ ಹಳೆಯ ನುಡಿ

(ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಬೀದರ ಎಂಬ ಹೆಸರು ಎಲ್ಲಿಂದ ಬಂತು ಎಂದು ಕೇಳಿದರೆ, ವಿದುರನ ಊರು, ಅದಕ್ಕೇ ವಿದುರನಗರ ಎನ್ನುವವರು ನಮ್ಮಲ್ಲಿ ಬಹಳ ಜನ. ಕೆಲವು ಹಳೆಯ ಲೇಖಕರು ವಿದರ್ಭವೇ ಬೀದರ ಎಂದರು. ವಿದರ್ಭ ಇರುವುದು ವರ್ಹಾಡದ ಕಡೆ, ಆದ್ದರಿಂದ ಆ ಮಾತನ್ನು ಬಿಡೋಣ. ಉಳಿಯುವುದು ಬಿದಿರು.

ಬರೀ ಉಚ್ಚಾರ ಹೋಲುತ್ತದೆ ಎಂದು ಒಪ್ಪಬಾರದು. ವಿದುರ ಎಂಬುದೂ ಹೋಲುತ್ತದಲ್ಲ! ಬೇರೆ ಸಾಕ್ಷಿ ಬೇಕು. ಕರಾವಳಿಯಲ್ಲಿ ಮೂಡುಬಿದಿರೆ ಇದೆ, ಅದರ ಪಶ್ಚಿಮಕ್ಕೆ ಪಡುಬಿದ್ರಿ ಇದೆ. ಮೂಡುಬಿದಿರೆಯನ್ನು ಸಂಸ್ಕೃತದಲ್ಲಿ ಬರೆದವರು ವೇಣುಪುರ ಎಂದರು. ಕೆಳದಿ ಅರಸರ ರಾಜಧಾನಿ ಬಿದನೂರಿಗೂ ವೇಣುಪುರ ಎಂಬ ಹೆಸರಿತ್ತು. ವೇಣು ಎಂದರೆ ಬಿದಿರು. ಅಂದರೆ ಆ ಕಾಲದ ವಿದ್ವಾಂಸರು ಹೆಸರಿನ ಅರ್ಥ ತಿಳಿದೇ ಅನುವಾದ ಮಾಡಿದ್ದಾರೆ. ಬಿದಿರಿನ ಮೆಳೆಯಿಂದ ಊರಿಗೆ ಹೆಸರಿಡುವುದು ಕನ್ನಡ ನಾಡಿನ ರೂಢಿ ಎಂಬುದಕ್ಕೆ ಇವು ಸಾಕ್ಷಿ.

ಇಲ್ಲೊಂದು ತೊಡಕುಂಟು. ಬಿದಿರಿನಲ್ಲಿ 'ಬಿ' ಹ್ರಸ್ವ, ಬೀದರದಲ್ಲಿ ದೀರ್ಘ. ಇದಕ್ಕೆ ಉತ್ತರ ನಮ್ಮ ಕುಶಲಕರ್ಮಿಗಳ ಬಾಯಲ್ಲೇ ಇದೆ. ಸತುವಿನ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ತರುವ ಕೆಲಸಕ್ಕೆ ಊರಿನಿಂದಲೇ ಹೆಸರು ಬಂದಿದೆ. ಅದನ್ನು ಯಾರೂ 'ಬೀದರಿ' ಎನ್ನುವುದಿಲ್ಲ, 'ಬಿದ್ರಿ' ಎನ್ನುತ್ತಾರೆ. ಹ್ರಸ್ವ ಅಲ್ಲಿ ಹಾಗೇ ಉಳಿದಿದೆ. ದೀರ್ಘವು ಫಾರ್ಸಿ ಬರಹದಿಂದ ಬಂದಿರಬೇಕು ಎಂದು ನನ್ನ ಎಣಿಕೆ. ಆ ಲಿಪಿಯಲ್ಲಿ ಹ್ರಸ್ವ ಇಕಾರಕ್ಕೆ ಸಾಮಾನ್ಯವಾಗಿ ಅಕ್ಷರ ಹಾಕುವುದಿಲ್ಲ. 'ಯೇ' ಬರೆದರೆ ಓದುವವರು ಎಳೆದು ಓದುತ್ತಾರೆ. ನಮ್ಮ ಊರಿನ ಹೆಸರನ್ನು 'ಯೇ' ಹಾಕಿಯೇ ಬರೆಯುತ್ತ ಬಂದಿದ್ದಾರೆ.

ಈ ಹೆಸರಿನ ಗಟ್ಟಿತನ ನೋಡಿರಿ. 1430ರ ಸುಮಾರಿಗೆ ಬಹಮನಿ ಅಹಮದ್ ಶಾಹ ಕಲಬುರ್ಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದು ಮುಹಮ್ಮದಾಬಾದ್ ಎಂದು ಹೆಸರಿಟ್ಟ. ಮುಂದೆ ಮೊಘಲರು ಗೆದ್ದು ಜಫರಾಬಾದ್ ಎಂದರು, ಅಂದರೆ ಗೆಲುವಿನ ಊರು. ಎರಡೂ ಹೆಸರು ದಫ್ತರದಲ್ಲಿ, ನಾಣ್ಯದಲ್ಲಿ ನಡೆದವು. ಸಂತೆಗೆ ಬರುವ ಒಕ್ಕಲಿಗ ಮಾತ್ರ ಹಳೆಯ ಹೆಸರನ್ನೇ ಹೇಳಿದ.

ಇನ್ನು ನದಿ. ಭಾಲ್ಕಿ, ಔರಾದ ಸೀಮೆಯಲ್ಲಿ ಹರಿಯುವ ನಮ್ಮ ಮಾಂಜ್ರಾ ತೆಲುಗು ನಾಡಿಗೆ ಹೋದ ಮೇಲೆ ಮಂಜೀರಾ ಆಗುತ್ತಾಳೆ. ಮಂಜೀರ ಎಂದರೆ ಕಾಲ್ಗೆಜ್ಜೆ. ಗೆಜ್ಜೆಯಂತೆ ಸದ್ದು ಮಾಡುತ್ತ ಹರಿಯುವವಳು ಎಂದು ಅರ್ಥ ಹೇಳುತ್ತಾರೆ. ಸೊಗಸಾಗಿದೆ, ಆದರೆ ಸೊಗಸಾದ ಅರ್ಥವನ್ನೇ ಮೊದಲು ಸಂಶಯಿಸಬೇಕು. ಪುರಾಣಗಳ ನದಿಪಟ್ಟಿಯಲ್ಲಿ ಸಹ್ಯಪರ್ವತದ ನದಿಗಳ ನಡುವೆ ಗೋದಾವರಿ, ಭೀಮರಥಿಗಳ ಜೊತೆ ವಂಜುಲಾ ಎಂಬ ಹೆಸರು ಬರುತ್ತದೆ. ವಿದ್ವಾಂಸರು ಅವಳನ್ನೇ ಮಾಂಜ್ರಾ ಎಂದು ಗುರುತಿಸಿದ್ದಾರೆ. ಅದನ್ನು ಒಪ್ಪಿದರೆ ಮೊದಲಕ್ಷರ 'ವ', ಅಲ್ಲಿಗೆ ಗೆಜ್ಜೆ ಕಳಚಿತು! ವಂಜುಲ ಎಂದರೆ ಬೆತ್ತ, ಅಶೋಕವೆಂಬ ಅರ್ಥವೂ ಉಂಟು. ಹಳೆಯ ಹೆಸರಿನ ಅರ್ಥ ಮರೆತ ಮೇಲೆ ಜನ ಆ ಸದ್ದಿಗೆ ತಮಗೆ ಗೊತ್ತಿದ್ದ ಶಬ್ದ ಹೊಂದಿಸಿಕೊಳ್ಳುತ್ತಾರೆ. ಗೆಜ್ಜೆಯೂ ವಿದುರನೂ ಬಂದದ್ದು ಹೀಗೆಯೇ.

ಅವಳು ಹುಟ್ಟುವ ಗುಡ್ಡಸಾಲು ಬಾಲಾಘಾಟ. ಗುಡ್ಡದ ಹೆಸರು ನದಿಯಷ್ಟೇ ಹಳೆಯದಿರಬೇಕು ಎನಿಸುತ್ತದೆ. ಹಾಗಿಲ್ಲ. 'ಬಾಲಾ' ಫಾರ್ಸಿ ಶಬ್ದ, ಮೇಲಿನದು ಎಂದರ್ಥ. 'ಘಾಟ' ನಮ್ಮ ಘಟ್ಟವೇ. ಘಟ್ಟದ ಮೇಲಿನ ಸೀಮೆ, ಕೆಳಗಿನ ಸೀಮೆ ಎಂದು ವಿಂಗಡಿಸಿ ಆಡಳಿತ ನಡೆಸಿದವರ ಹೆಸರು ಅದು. ಒಂದೇ ನೀರಿನ ಜಾಡಿನಲ್ಲಿ ಗುಡ್ಡದ ಹೆಸರು ಹೊಸದು, ಹೊಳೆಯದು ಹಳೆಯದು.

ಮಿತಿಯನ್ನೂ ಹೇಳಬೇಕು. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಬಳಿ ಆಣೆಕಟ್ಟು ಕಟ್ಟಿದ ಕಾರಂಜಾ ಹೊಳೆಗೆ ಎರಡು ಅರ್ಥ ಹೊಂದುತ್ತವೆ: ಮರಾಠಿಯ ಕರಂಜ, ಅಂದರೆ ಹೊಂಗೆ, ಇಲ್ಲವೆ ನೀರು ಚಿಮ್ಮುವ ಕಾರಂಜಿ. ಶಾಸನದ ಹಳೆಯ ರೂಪ ಕೈಗೆ ಸಿಗುವ ತನಕ ತೀರ್ಪು ಕೊಡಬಾರದು. ಔರಾದ ಕಡೆಯ ಕುಶನೂರಿನ ಕೊನೆಯ 'ಊರು' ನೋಡಿ ಕನ್ನಡ ಎಂದುಬಿಡುತ್ತೇವೆ, ಆದರೆ 'ಪುರ'ದ ಪಕಾರ ಸವೆದೂ 'ಊರ' ಆಗುತ್ತದೆ. ಹೊಳಸಮುದ್ರ ಹಾಗಲ್ಲ. ಕಡಲಿಲ್ಲದ ಸೀಮೆಯಲ್ಲಿ ಸಮುದ್ರವೆಂದರೆ ಕೆರೆ, ಶಾಸನಗಳಲ್ಲಿ ದೊಡ್ಡ ಕೆರೆಗಳಿಗೆ ಇಡುತ್ತಿದ್ದ ಹೆಸರು. ಮನೆಯಲ್ಲಿ ಮರಾಠಿ ಆಡುವವರೂ ಆ ಹೆಸರನ್ನು ಬಿಟ್ಟಿಲ್ಲ.

ಶಂಕರ ಬಾ ಜೋಶಿಯವರು ಮಹಾರಾಷ್ಟ್ರದೊಳಗಿನ ಊರ ಹೆಸರುಗಳಲ್ಲಿ ಕನ್ನಡದ ಹೆಜ್ಜೆ ಹುಡುಕಿದ್ದು ಇಂಥ ಜಾಡು ಹಿಡಿದೇ. ದೊಡ್ಡ ಹೆಸರುಗಳು ನಕಾಶೆಯಲ್ಲಿವೆ, ಉಳಿದಾವು. ಹಳ್ಳ, ದಿನ್ನೆ, ಹೊಲಗಳ ಹೆಸರು ಹಾಗಲ್ಲ. ಪಹಣಿಯಲ್ಲಿ ಇರುವುದು ಸರ್ವೆ ನಂಬರು ಮಾತ್ರ. ಮುಂದಿನ ಗೋಷ್ಠಿಗೆ ಬರುವಾಗ ನಿಮ್ಮ ಊರಿನ ಹಳ್ಳಗಳ ಹೆಸರನ್ನು ಅಜ್ಜ, ಅಮ್ಮ ಹೇಳುವಂತೆಯೇ, ತಿದ್ದದೆ, ಹ್ರಸ್ವ ದೀರ್ಘ ಸಹಿತ ಬರೆದು ತನ್ನಿರಿ. ಅರ್ಥವನ್ನು ಆಮೇಲೆ ಕೂಡಿ ನೋಡೋಣ.